ಸಪ್ಪಳವಿಲ್ಲದೆ ನೆಲಕ್ಕಿಳಿಯುವುದು ಹೇಗೆ?

ಗದಗದಿಂದ ಮುಂಡರಗಿ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ವಾರಕ್ಕೆ ಮೂರು ಸಂಜೆ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತೇನೆ. ಅಂಗಳ ಎರೆಮಣ್ಣಿನದು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಶಿವರಾತ್ರಿ ಕಳೆಯಿತೆಂದರೆ ಕಲ್ಲಿನಂತಾಗುತ್ತದೆ. ಆ ಕಾಲದಲ್ಲಿ ಬ್ಲಾಕ್ ಮಾಡಲು ಜಿಗಿದವರು ಕೆಳಗೆ ಬಂದಾಗ ಬರುವ ಸಪ್ಪಳ ಕೇಳಿದರೆ ಸಾಕು, ಯಾರು ಹೇಗೆ ಇಳಿದರು ಅಂತ ತಿರುಗಿ ನೋಡದೆ ಹೇಳಬಹುದು.

ಒಂಬತ್ತನೇ ತರಗತಿಯ ಒಬ್ಬಳ ಸಪ್ಪಳ ಮಾತ್ರ ಬೇರೆಯೇ ಇತ್ತು. ಧಡ್ ಅಂತ ಒಂದೇ ಏಟು. ‘ಮಣಕಾಲ ಚಿಪ್ಪಿನ ಕೆಳಗ ನೂಸಾಕತ್ತೈತ್ರಿ ಸರ್’ ಅಂದಳು. ವೈದ್ಯರಿಗೆ ತೋರಿಸಿ ಬರಲು ಹೇಳಿದೆ. ಒಳಗೆ ಏನೂ ಹರಿದಿಲ್ಲ, ಸ್ವಲ್ಪ ದಿನ ಜಿಗಿತ ಕಡಿಮೆ ಮಾಡಿ ಅಂದರಂತೆ. ನೋವು ಇಳಿದ ಮೇಲೆ ಅವಳಿಗೆ ಮಾಡಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳೆಯಿರಿ

ಬೇಕಾಗುವುದು ಸುಮಾರು 30 ಸೆಂಟಿಮೀಟರ್ ಎತ್ತರದ ಒಂದು ಗಟ್ಟಿ ಮೆಟ್ಟಿಲು, ಒಂದು ಗೋಡೆ, ಸೀಮೆಸುಣ್ಣ, ಮೊಬೈಲ್. ಗೋಡೆಯ ಮೇಲೆ ಐದೈದು ಸೆಂಟಿಮೀಟರ್‌ಗೆ ಒಂದೊಂದು ಅಡ್ಡಗೆರೆ ಎಳೆಯಿರಿ. ಆಡುವವಳ ಸೊಂಟದ ಪಕ್ಕಕ್ಕೆ ಬಿಳಿ ಟೇಪಿನ ಚೂರು ಅಂಟಿಸಿ. ಅವಳು ಮೆಟ್ಟಿಲಿನಿಂದ ಮೇಲಕ್ಕೆ ಹಾರಬಾರದು, ಸುಮ್ನೆ ಮುಂದಕ್ಕೆ ಕಾಲಿಟ್ಟು ಎರಡೂ ಪಾದಗಳ ಮೇಲೆ ಒಟ್ಟಿಗೆ ಇಳಿಯಬೇಕು. ಮೊಬೈಲನ್ನು ಸ್ಲೋ ಮೋಷನ್‌ಗೆ ಹಾಕಿ, ಒಮ್ಮೆ ಪಕ್ಕದಿಂದ, ಒಮ್ಮೆ ಎದುರಿನಿಂದ ವಿಡಿಯೊ ಮಾಡಿ. ಎದುರಿನಿಂದ ತೆಗೆಯುವಾಗ ಮೊಬೈಲ್ ಮೊಣಕಾಲಿನ ಎತ್ತರದಲ್ಲೇ ಇರಲಿ. ನಿಂತುಕೊಂಡು ಮೇಲಿನಿಂದ ತೆಗೆದ ವಿಡಿಯೊದಲ್ಲಿ ಮೊಣಕಾಲು ಎತ್ತ ಹೋಯಿತು ಅಂತ ಸರಿಯಾಗಿ ತಿಳಿಯುವುದಿಲ್ಲ.

ಪಕ್ಕದ ವಿಡಿಯೊದಲ್ಲಿ ಎರಡು ಚಿತ್ರ ನಿಲ್ಲಿಸಿ ನೋಡಿ: ಬೆರಳು ನೆಲ ಮುಟ್ಟಿದ ಗಳಿಗೆ, ಮತ್ತು ಸೊಂಟ ಅತಿ ಕೆಳಗೆ ಬಂದ ಗಳಿಗೆ. ನಡುವೆ ಟೇಪಿನ ಚೂರು ಎಷ್ಟು ಕೆಳಗಿಳಿಯಿತು? ಅದೇ ದೇಹಕ್ಕೆ ನಿಲ್ಲಲು ಸಿಕ್ಕ ದೂರ. ನಮ್ಮ ಹುಡುಗಿಗೆ ಸಿಕ್ಕಿದ್ದು ಬರೀ 10 ಸೆಂಟಿಮೀಟರ್.

ಲೆಕ್ಕ ಸುಲಭ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿ. 30ನ್ನು 10ರಿಂದ ಭಾಗಿಸಿದರೆ 3, ಒಂದು ಕೂಡಿಸಿದರೆ 4. ಅಂದರೆ ಆ ಕ್ಷಣದಲ್ಲಿ ಕಾಲುಗಳು ಸರಾಸರಿ ಅವಳ ತೂಕದ ನಾಲ್ಕು ಪಟ್ಟು ಹೊರುತ್ತವೆ. ಅವಳ ತೂಕ 50 ಕೆ.ಜಿ., ಹಾಗಾಗಿ ಒಟ್ಟು 200 ಕೆ.ಜಿ. ಭಾರ. ಅದೇ ಅವಳು 25 ಸೆಂಟಿಮೀಟರ್ ಕೆಳಗಿಳಿದು ನಿಂತರೆ? 2.2 ಪಟ್ಟು, ಅಂದರೆ 110 ಕೆ.ಜಿ. ಎತ್ತರ ಅದೇ, ನೆಲ ಅದೇ, ಹುಡುಗಿಯೂ ಅವಳೇ. ನಿಂತ ದೂರವೊಂದೇ ಬದಲಾಗಿದ್ದು. ಇದು ಸರಾಸರಿ, ನೆನಪಿರಲಿ. ನೆಲ ಮುಟ್ಟಿದ ಮೊದಲ ಕ್ಷಣದ ಏಟು ಇದಕ್ಕಿಂತ ಜಾಸ್ತಿ ಇರುತ್ತದೆ.

ಬಾಗುವುದು ಮೊಣಕಾಲೊಂದೇ ಅಲ್ಲ

‘ಮೊಣಕಾಲು ಬಗ್ಗಿಸು’ ಅಂತ ಕೂಗುವುದು ನಮ್ಮ ಮೈದಾನಗಳ ಹಳೇ ಅಭ್ಯಾಸ. ನಾನೂ ಕೂಗುತ್ತಿದ್ದೆ. ಹೇಳಿದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಮೈ ನೆಟ್ಟಗಿಟ್ಟುಕೊಂಡು ಮೊಣಕಾಲನ್ನು ಮಾತ್ರ ಬಗ್ಗಿಸಿದರೆ ಮೊಣಕಾಲು ಬೆರಳಿನ ಆಚೆ ತುಂಬ ಮುಂದೆ ಹೋಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ನಿಲ್ಲಿಸುವ ಕೆಲಸವೆಲ್ಲ ತೊಡೆಯ ಮುಂಭಾಗದ ಸ್ನಾಯುವಿನ ತಲೆಗೆ ಬೀಳುತ್ತದೆ. ಆ ಸ್ನಾಯು ಚಿಪ್ಪಿನ ಮೂಲಕ ಕೆಳಗಿನ ಎಲುಬನ್ನು ಹಿಡಿದು ಜಗ್ಗುತ್ತದೆ. ನಮ್ಮ ಹುಡುಗಿಗೆ ನೋವಿದ್ದದ್ದು ಸರಿಯಾಗಿ ಅಲ್ಲೇ.

ಸೊಂಟವೂ ಬಾಗಿದರೆ, ಅಂದರೆ ತೊಡೆ ಮತ್ತು ಹೊಟ್ಟೆ ಹತ್ತಿರ ಬಂದು ಎದೆ ಸ್ವಲ್ಪ ಮುಂದಕ್ಕೆ ವಾಲಿದರೆ, ಪಿರ್ರೆಯ ದೊಡ್ಡ ಸ್ನಾಯು ಕೆಲಸಕ್ಕೆ ಬರುತ್ತದೆ. ಅದು ದೇಹದ ಅತಿ ದೊಡ್ಡ ಸ್ನಾಯು. ಅದನ್ನು ಸುಮ್ನೆ ಕೂರಿಸಿ ಮೊಣಕಾಲಿನಿಂದ ಮಾತ್ರ ದುಡಿಸುವುದು ಯಾವ ನ್ಯಾಯ? ಸ್ನಾಯು ಇಲ್ಲಿ ಮಾಡುವುದು ಬಾವಿಗೆ ಕೊಡ ಇಳಿಸುವ ಕೈಯ ಕೆಲಸ. ಹಗ್ಗವನ್ನು ಬಿಟ್ಟೇ ಬಿಡುವುದಿಲ್ಲ, ಬಿಗಿ ಹಿಡಿದೂ ನಿಲ್ಲಿಸುವುದಿಲ್ಲ. ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ.

ಹೀಗೆ ಕಲಿಸಿ. ಮೊದಲು ಹಿಂದೆ ಒಂದು ಸ್ಟೂಲ್ ಇದೆ ಅಂದುಕೊಂಡು ಅದರ ಮೇಲೆ ಕೂರಲು ಹೋದಂತೆ ಸೊಂಟ ಹಿಂದಕ್ಕೆ ತಳ್ಳಲಿ, ಜಿಗಿತವಿಲ್ಲದೆ ಐದಾರು ಬಾರಿ. ನಂತರ ನಿಂತಲ್ಲೇ ಒಂದು ಗೇಣು ಜಿಗಿದು ಇಳಿಯಲಿ. ಮುಂಗಾಲು ಮೊದಲು ಮುಟ್ಟಬೇಕು, ಹಿಂದೆಯೇ ಹಿಮ್ಮಡಿ ಮೆಲ್ಲಗೆ ಕೂರಬೇಕು. ಕೆಳಗೆ ಹೋದ ಮೇಲೆ ಮೂರು ಎಣಿಸುವವರೆಗೆ ಅಲ್ಲಾಡದೆ ನಿಲ್ಲಲಿ. ನಿಲ್ಲಲಾಗದೆ ಮುಂದಕ್ಕೆ ಹೆಜ್ಜೆ ಹಾಕಿದರೆ ಇನ್ನೂ ಮೆಟ್ಟಿಲು ಹತ್ತಿಸಬೇಡಿ.

ಒಂದು ಸೂಕ್ಷ್ಮ. ಗಾಳಿಯಲ್ಲಿರುವಾಗಲೇ ಮೊಣಕಾಲು, ಸೊಂಟ ಸ್ವಲ್ಪ ಮಡಚಿರಬೇಕು, ಸ್ನಾಯು ಎಚ್ಚರವಾಗಿರಬೇಕು. ಮೊಣಕಾಲಿನ ಒಳಗೆ ಎಲುಬುಗಳನ್ನು ಕಟ್ಟಿ ಹಿಡಿಯುವ ಎಸಿಎಲ್ ಎಂಬ ಲಿಗಮೆಂಟ್ ಆಟದಲ್ಲಿ ಹರಿದ ವಿಡಿಯೊಗಳನ್ನು ಚಿತ್ರ ಚಿತ್ರವಾಗಿ ನೋಡಿದ ಸಂಶೋಧಕರು, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನಲ್ಲೇ ಅನಾಹುತ ಆಗಿಹೋಗಿರುತ್ತದೆ ಎಂದು ಕಂಡಿದ್ದಾರೆ. ಕಣ್ಣು ಮಿಟುಕಿಸಲೂ ಅಷ್ಟು ಸಮಯ ಸಾಲದು. ನೆಲ ಮುಟ್ಟಿದ ಮೇಲೆ ಸರಿಮಾಡಿಕೊಳ್ಳುತ್ತೇನೆ ಅಂದರೆ ಆಗದ ಮಾತು.

ಮೊಣಕಾಲು ಒಳಕ್ಕೆ ಹೋದರೆ ಏನಾಗುತ್ತದೆ

ಈಗ ಎದುರಿನ ವಿಡಿಯೊ ನೋಡಿ. ಸೊಂಟದ ಕೀಲು, ಮೊಣಕಾಲು, ಪಾದ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದರೆ ನೆಲದಿಂದ ಬಂದ ಬಲ ಮೊಣಕಾಲಿನ ನಡುವೆಯೇ ಹಾದು ಹೋಗುತ್ತದೆ. ಮೊಣಕಾಲು ಬಾಗಿಲಿನ ಕೀಲಿನ ಹಾಗೆ. ಹಿಂದೆ ಮುಂದೆ ಮಡಚಲು ಮಾಡಿದ್ದು, ಪಕ್ಕಕ್ಕೆ ಮುರಿಯಲು ಅಲ್ಲ. ಮೊಣಕಾಲು ಹೆಬ್ಬೆರಳಿನ ಗೆರೆ ದಾಟಿ ಒಳಕ್ಕೆ ಬಂದರೆ, ಪಾದದಿಂದ ಮೇಲೇರುವ ಬಲ ಮೊಣಕಾಲಿನ ಹೊರಗಿನಿಂದ ಹಾದುಹೋಗುತ್ತದೆ. ಆಗ ಕೀಲಿನ ಒಳಬದಿ ಬಾಯಿ ತೆರೆಯಲು ನೋಡುತ್ತದೆ, ಹೊರಬದಿಯ ಎಲುಬುಗಳು ಒತ್ತಿಕೊಳ್ಳುತ್ತವೆ. ತೆರೆಯದಂತೆ ಹಿಡಿಯುವುದು ಒಳಬದಿಯ ಲಿಗಮೆಂಟ್. ಜೊತೆಗೆ ಕಾಲು ತಿರುಚಿಕೊಂಡರೆ ಕೀಲಿನ ನಡುವಿನ ಎಸಿಎಲ್ ಮೇಲೂ ಜಗ್ಗಾಟ ಬೀಳುತ್ತದೆ.

ಎಷ್ಟು ಭಾರ? ನಮ್ಮ ಹುಡುಗಿಯರಿಗೆ ಇದನ್ನು ಕೊಡದಿಂದಲೇ ಹೇಳುತ್ತೇನೆ. ನೀರು ತುಂಬಿದ ಕೊಡ ಸೊಂಟದ ಮೇಲಿದ್ದರೆ ಓಣಿ ದಾಟಿ ಮನೆ ಮುಟ್ಟಬಹುದು. ಅದನ್ನೇ ಕೈ ಪಕ್ಕಕ್ಕೆ ನೀಡಿ ಹಿಡಿ ಅಂದರೆ? ಭಾರ ಅಷ್ಟೇ, ದೂರ ಜಾಸ್ತಿ. ಗಟ್ಟಿಯಾಗಿ ಇಳಿದಾಗ ಒಂದೊಂದು ಕಾಲಿಗೆ 100 ಕೆ.ಜಿ. ಬಿತ್ತಲ್ಲ, ಆಗ ಬಲದ ಗೆರೆ ಮೊಣಕಾಲಿನಿಂದ 4 ಸೆಂಟಿಮೀಟರ್ ಹೊರಗೆ ಸರಿದರೆ, ಭುಜದಿಂದ 40 ಸೆಂಟಿಮೀಟರ್ ದೂರದಲ್ಲಿ 10 ಲೀಟರ್ ನೀರು ಹಿಡಿದಷ್ಟು ಪಕ್ಕಕ್ಕೆ ಬಾಗಿಸುವ ಜಗ್ಗಾಟ ಮೊಣಕಾಲಿನ ಮೇಲೆ ಬರುತ್ತದೆ. ಮೆತ್ತಗೆ ಇಳಿದರೆ ಕಾಲಿಗೆ 55 ಕೆ.ಜಿ. ಮೊಣಕಾಲು ಅಷ್ಟೇ ಒಳಕ್ಕೆ ಹೋದರೂ ನೀರು ಐದೂವರೆ ಲೀಟರ್‌ಗೆ ಇಳಿಯುತ್ತದೆ. ಒಂದೇ ಕಾಲ ಮೇಲೆ ಇಳಿದರೆ ಎರಡೂ ಲೆಕ್ಕ ದುಪ್ಪಟ್ಟು. ಒರಟು ಲೆಕ್ಕವೇ ಇದು, ಆದರೆ ಎರಡು ತಪ್ಪು ಕೂಡಿದಾಗ ಒಂದನ್ನೊಂದು ಗುಣಿಸುತ್ತವೆ ಅನ್ನುವುದು ಇದರಿಂದ ಕಾಣುತ್ತದೆ.

ನೆಟ್ಟಗಿನ ಮೊಣಕಾಲು ಇನ್ನೊಂದು ಕಡೆಯಿಂದಲೂ ಕೆಡಿಸುತ್ತದೆ. ಕಾಲು ಹೆಚ್ಚು ಬಾಗದೆ ಇರುವಾಗ ತೊಡೆಯ ಮುಂದಿನ ಸ್ನಾಯು ಕೆಳಗಿನ ಎಲುಬನ್ನು ಮುಂದಕ್ಕೆ ಜಗ್ಗುತ್ತದೆ, ಅದನ್ನು ತಡೆಯುವುದೇ ಎಸಿಎಲ್ ಕೆಲಸ. ತೊಡೆಯ ಹಿಂದಿನ ಸ್ನಾಯು ಸಹಾಯಕ್ಕೆ ಬರಬೇಕಾದರೆ ಮೊಣಕಾಲು ಇನ್ನಷ್ಟು ಮಡಚಿರಬೇಕು.

ಮೊಣಕಾಲು ಒಳಕ್ಕೆ ಹೋಗುವುದು ಬಹಳ ಸಲ ಮೊಣಕಾಲಿನ ತಪ್ಪಲ್ಲ. ಅದು ಮೇಲೆ ಸೊಂಟ, ಕೆಳಗೆ ಪಾದ, ಎರಡರ ನಡುವೆ ಸಿಕ್ಕಿಕೊಂಡ ಕೀಲು. ಪಿರ್ರೆಯ ಪಕ್ಕದ ಸ್ನಾಯು ಹಿಡಿಯದಿದ್ದರೆ ತೊಡೆ ಒಳಕ್ಕೆ ತಿರುಗುತ್ತದೆ. ಪಾದದ ಕೀಲು ಬಿಗಿಯಾಗಿದ್ದು ಮುಂದಕ್ಕೆ ಬಾಗದಿದ್ದರೆ ಪಾದ ಒಳಗೆ ಕುಸಿದು ಮೊಣಕಾಲನ್ನು ಎಳೆದೊಯ್ಯುತ್ತದೆ. ಯಾವುದು ಅಂತ ತಿಳಿಯಲು ಹಿಮ್ಮಡಿಯ ಕೆಳಗೆ ಎರಡು ಸೆಂಟಿಮೀಟರ್ ದಪ್ಪದ ಹಲಗೆ ಇಟ್ಟು ನಿಧಾನವಾಗಿ ಕೂರಿಸಿ ನೋಡಿ. ಆಗ ಮೊಣಕಾಲು ಸರಿಯಾದ ಗೆರೆಗೆ ಬಂದರೆ ಪಾದದ ಕೀಲಿನ ಬಿಗಿತವನ್ನು ಮೊದಲು ನೋಡಿಕೊಳ್ಳಿ. ಬರದಿದ್ದರೆ ಸೊಂಟಕ್ಕೆ ಕೆಲಸ ಕೊಡಿ. ಮೊಣಕಾಲಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಅಡ್ಡಡ್ಡ ನಡೆಸುವುದು, ಒಂದು ಕಾಲಿನಲ್ಲಿ ಅರ್ಧ ಕೂರಿಸುವುದು, ಇವೆರಡು ಸಾಕು.

‘ಮೊಣಕಾಲು ಹೊರಗೆ ತಳ್ಳು’ ಅಂತ ಮಾತ್ರ ಕೂಗಬೇಡಿ. ಹೊರಗೆ ತಳ್ಳಿ ತಳ್ಳಿ ಪಾದದ ಹೊರ ಅಂಚಿನ ಮೇಲೆ ನಿಂತು ಪಾದ ಉಳುಕಿಸಿಕೊಂಡವರನ್ನು ನೋಡಿದ್ದೇನೆ. ಮೊಣಕಾಲಿನ ಚಿಪ್ಪು ಎರಡನೇ ಬೆರಳಿನ ಕಡೆ ನೋಡಲಿ ಅಂದರೆ ಸಾಕು.

ಎಷ್ಟು, ಯಾವಾಗ

ವಾರಕ್ಕೆ ಮೂರು ದಿನ, ಆಟಕ್ಕೆ ಮೊದಲು, ದಣಿವಾಗುವ ಮುನ್ನ. ಒಂದು ಸುತ್ತಿಗೆ ಐದು ಇಳಿತ, ಮೂರು ಸುತ್ತು. ಮೊದಲ ಎರಡು ವಾರ ನೆಲದ ಮೇಲೆ ಸಣ್ಣ ಜಿಗಿತ, ನಂತರ 30 ಸೆಂಟಿಮೀಟರ್ ಮೆಟ್ಟಿಲಿನಿಂದ ಎರಡು ಕಾಲಿಗೆ. ಆಮೇಲೆ 15 ಸೆಂಟಿಮೀಟರ್‌ನಿಂದ ಒಂದೇ ಕಾಲಿಗೆ. ಕೊನೆಗೆ ನೆಟ್ ಹತ್ತಿರ, ಎರಡು ಹೆಜ್ಜೆ ಪಕ್ಕಕ್ಕೆ ಓಡಿ ಬ್ಲಾಕ್ ಮಾಡಿ ಇಳಿಯುವುದು. ನಿಜವಾದ ಪರೀಕ್ಷೆ ಇದೇ. ಕಣ್ಣು ಚೆಂಡಿನ ಮೇಲಿರುತ್ತದೆ, ಮೈ ವಾಲಿರುತ್ತದೆ, ಪಾದ ಒಂದೊಂದಾಗಿ ಮುಟ್ಟುತ್ತದೆ. ಹಾಗಂತ ಆಟದಲ್ಲಿ ಪ್ರತಿ ಸಲ ನೆಲಕ್ಕೆ ಕೂರುವಷ್ಟು ಬಾಗಲೂ ಆಗದು, ಮತ್ತೆ ಜಿಗಿಯಬೇಕಲ್ಲ. 20–25 ಸೆಂಟಿಮೀಟರ್ ಸಿಕ್ಕರೆ ಸಾಕು.

ವಿಡಿಯೊಗೂ ಮಿತಿ ಇದೆ. 2005ರಲ್ಲಿ ಅಮೆರಿಕದ 205 ಆಟಗಾರ್ತಿಯರ ಮೇಲೆ ನಡೆದ ಅಧ್ಯಯನದಲ್ಲಿ, ಮುಂದೆ ಎಸಿಎಲ್ ಹರಿದುಕೊಂಡ 9 ಜನರ ಮೊಣಕಾಲು ಇಳಿಯುವಾಗ ಉಳಿದವರಿಗಿಂತ ಜಾಸ್ತಿ ಒಳಕ್ಕೆ ಹೋಗುತ್ತಿತ್ತು. ಆದರೆ ನಂತರದ ದೊಡ್ಡ ಅಧ್ಯಯನಗಳಲ್ಲಿ, ಇಳಿಯುವುದನ್ನು ನೋಡಿ ಯಾರಿಗೆ ಪೆಟ್ಟಾಗುತ್ತದೆ ಅಂತ ಮೊದಲೇ ಹೇಳಲು ಆಗಲಿಲ್ಲ. ಹಾಗಾಗಿ ಮೊಣಕಾಲು ಸ್ವಲ್ಪ ಒಳಗೆ ಹೋಯಿತು ಅಂತ ಯಾವ ಹುಡುಗಿಯನ್ನೂ ಹೆದರಿಸಬೇಡಿ, ತಂಡದಿಂದ ಬಿಡಬೇಡಿ. ಇಳಿದಾಗ ಟಪ್ ಅಂತ ಒಳಗೆ ಏನೋ ಕಡಿದಂತಾಗಿ ಕೆಲವೇ ಗಂಟೆಯಲ್ಲಿ ಮೊಣಕಾಲು ಊದಿದರೆ, ಅಥವಾ ನಡೆಯುವಾಗ ಕಾಲು ಜಾರಿದಂತಾದರೆ, ಅಭ್ಯಾಸ ಬಿಟ್ಟು ಅವತ್ತೇ ಎಲುಬು-ಕೀಲು ವೈದ್ಯರ ಬಳಿ ಹೋಗಿ.

ನಮ್ಮ ಹುಡುಗಿಯ ಗೋಡೆಯ ಗೆರೆ ಆರು ವಾರಕ್ಕೆ 10ರಿಂದ 25ಕ್ಕೆ ಇಳಿಯಿತು. ಎರಡು ಕಾಲಿಗೆ ಇಳಿದಾಗ ಈಗ ಸಪ್ಪಳವಿಲ್ಲ. ಎಡಗಾಲೊಂದರ ಮೇಲೆ ಬಂದರೆ ಮೊಣಕಾಲು ಇನ್ನೂ ಒಳಗೆ ಓಡುತ್ತದೆ. ‘ಇದಕ್ಕಿನ್ನಾ ಬುದ್ಧಿ ಬಂದಿಲ್ರೀ ಸರ್’ ಅಂತ ಕಾಲಿಗೇ ಬೈಯುತ್ತಾಳೆ. ಅವಳನ್ನು ಇನ್ನೂ 15 ಸೆಂಟಿಮೀಟರ್ ಮೆಟ್ಟಿಲಿನ ಮೇಲೇ ನಿಲ್ಲಿಸಿದ್ದೇನೆ.