ಕ್ವಿಕ್‌ಸೆಲೆಕ್ಟ್‌ಗೆ ಮೀಡಿಯನ್ ಆಫ್ ಮೀಡಿಯನ್ಸ್‌ನ ಕಾವಲು: ನನ್ನ ಅನುಭವ

ಮೀಡಿಯನ್ ಆಫ್ ಮೀಡಿಯನ್ಸ್ ಎಂಬುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆಯುವುದಕ್ಕೆ ಮಾತ್ರ ಯೋಗ್ಯವೆಂದು ನಮ್ಮ ತಂಡದ ಹಿರಿಯರೊಬ್ಬರು ಹೇಳುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಅದನ್ನೇ ಸೇರಿಸಿ ಬರೆದ ಕೋಡು ಈಗ ಒಂದು ವರ್ಷದಿಂದ ದಿನವೂ ಓಡುತ್ತಿರುವುದರಿಂದ, ಅದು ಈ ರೂಪಕ್ಕೆ ಬಂದ ಬಗೆಯನ್ನು ಬರೆದಿಡುತ್ತಿದ್ದೇನೆ.

ನಮ್ಮ ಕೆಲಸ ಸರಳವಾದುದು. ಪ್ರತಿ ರಾತ್ರಿ ಒಂದೊಂದು ಸೇವೆಯ ಸುಮಾರು 2 ಕೋಟಿ ಪ್ರತಿಕ್ರಿಯಾ ಸಮಯಗಳಿಂದ 95ನೇ ಪರ್ಸೆಂಟೈಲನ್ನು, ಅಂದರೆ ಹೆಚ್ಚುಕಡಿಮೆ 1.9 ಕೋಟಿಯನೇ ಅತಿ ಚಿಕ್ಕ ಸಂಖ್ಯೆಯನ್ನು, ತೆಗೆಯಬೇಕು. ಮೊದಲು ಇಡೀ ಅರೇಯನ್ನು ಸಾರ್ಟ್ ಮಾಡುತ್ತಿದ್ದೆವು; ಒಂದು ಸೇವೆಗೆ ಎರಡು ಸೆಕೆಂಡಿನಷ್ಟು ಹಿಡಿಯುತ್ತಿತ್ತು. ಸೇವೆಗಳೂ ಬಗೆಬಗೆಯ ವಿಂಗಡಣೆಗಳೂ ಸೇರಿ ಇಂತಹ ಲೆಕ್ಕಗಳು ಸಾವಿರಾರು ಆದಾಗ, ಅದಕ್ಕೆಂದೇ ಎರಡು ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಇಟ್ಟುಕೊಳ್ಳಬೇಕಾಯಿತು. ಒಂದೇ ಒಂದು ಸ್ಥಾನದ ಸಂಖ್ಯೆಗಾಗಿ ಉಳಿದೆಲ್ಲವನ್ನೂ ಕ್ರಮವಾಗಿ ಜೋಡಿಸುವುದಕ್ಕೆ ಕೊಡುತ್ತಿದ್ದ ಹಣ ಅದು.

ಹೋರ್ 1961ರಲ್ಲಿ ಪ್ರಕಟಿಸಿದ ಕ್ವಿಕ್‌ಸೆಲೆಕ್ಟನ್ನು ಒಂದು ಮಧ್ಯಾಹ್ನದಲ್ಲಿ ಬರೆದೆ. ಒಂದು ಅಂಶವನ್ನು ಪಿವಟ್ ಎಂದು ಆರಿಸಿ, ಚಿಕ್ಕವನ್ನು ಎಡಕ್ಕೂ ದೊಡ್ಡವನ್ನು ಬಲಕ್ಕೂ ಸರಿಸಿ, ಬೇಕಾದ ಸ್ಥಾನವಿರುವ ಭಾಗದಲ್ಲಷ್ಟೇ ಮುಂದುವರಿಯುವ ವಿಧಾನ ಅದು. ಕೊನೆಯ ಅಂಶವನ್ನೇ ಪಿವಟ್ ಮಾಡಿಕೊಂಡಿದ್ದೆ. ಎರಡು ಸೆಕೆಂಡಿನ ಕೆಲಸ ಕಾಲು ಸೆಕೆಂಡಿಗೆ ಇಳಿಯಿತು, ನಾನೂ ಸ್ವಲ್ಪ ಬೀಗಿದೆ. ಮೂರನೆಯ ವಾರದಲ್ಲಿ ಒಂದು ರಾತ್ರಿ ಓಡಲು ಶುರುವಾದ ಲೆಕ್ಕ ಬೆಳಗಾದರೂ ಮುಗಿದಿರಲಿಲ್ಲ. ದತ್ತಾಂಶ ಕಳುಹಿಸುವ ತಂಡದವರು ನಮಗೆ ಅನುಕೂಲವಾಗಲೆಂದು ಅದನ್ನು ಸಾರ್ಟ್ ಮಾಡಿಯೇ ಕಳುಹಿಸಲು ಆರಂಭಿಸಿದ್ದರು. ಪ್ರತಿ ಸುತ್ತಿನಲ್ಲೂ ಪಿವಟ್ ಅತಿ ದೊಡ್ಡ ಅಂಶವೇ ಆಗಿ, ಸುತ್ತಿಗೆ ಒಂದೇ ಅಂಶ ಕಳಚುತ್ತಿತ್ತು. ಬೇಕಾದ ಸ್ಥಾನ ತುದಿಯಿಂದ 10 ಲಕ್ಷ ಅಂಶಗಳಷ್ಟು ದೂರವಿದ್ದುದರಿಂದ, 2 ಕೋಟಿ ಅಂಶಗಳ ಮೇಲೆ 10 ಲಕ್ಷ ಸುತ್ತುಗಳು ಬೇಕಿದ್ದವು.

ಪಿವಟನ್ನು ಯಾದೃಚ್ಛಿಕವಾಗಿ ಆರಿಸಲು ಶುರುಮಾಡಿದ ಮೇಲೆ ಆ ತೊಂದರೆ ಹೋಯಿತು. ಹಾಗೆ ಮಾಡಿದಾಗ ಸರಾಸರಿ ಹೋಲಿಕೆಗಳು ಮೀಡಿಯನ್ ಹುಡುಕುವಾಗ ಸುಮಾರು 3.4n ಆಗುತ್ತವೆ, ನಮ್ಮಂತೆ 95ನೇ ಪರ್ಸೆಂಟೈಲ್ ಹುಡುಕುವವರಿಗೆ 2.4n ಸಾಕು, ಏಕೆಂದರೆ ತುದಿಗೆ ಹತ್ತಿರವಿದ್ದಷ್ಟೂ ಹೆಚ್ಚಿನ ಭಾಗ ಬೇಗ ಉದುರುತ್ತದೆ.

ಎರಡನೆಯ ಪೆಟ್ಟು ಸಮಾನ ಸಂಖ್ಯೆಗಳಿಂದ ಬಿತ್ತು, ಇದನ್ನು ಗುರುತಿಸಲು ನನಗೆ ಎರಡು ದಿನ ಹಿಡಿಯಿತು. ಒಂದು ಸೇವೆ ಕೆಟ್ಟಿದ್ದ ದಿನ ನೂರಕ್ಕೆ ಎಂಟರಷ್ಟು ಕೋರಿಕೆಗಳು ಅವಧಿ ಮೀರಿ ನಿಂತಿದ್ದವು, ಅವೆಲ್ಲವೂ 30000 ಮಿಲಿಸೆಕೆಂಡ್ ಎಂದೇ ದಾಖಲಾಗಿದ್ದವು. ಒಂದೇ ಮೌಲ್ಯದ 16 ಲಕ್ಷ ಅಂಶಗಳು, ನಮಗೆ ಬೇಕಾದ ಸ್ಥಾನ ಅವುಗಳ ನಡುವೆಯೇ. ನನ್ನ ಪಾರ್ಟಿಷನ್ ಸಮಾನವಾದವನ್ನೆಲ್ಲ ಎಡಕ್ಕೆ ತಳ್ಳುತ್ತಿದ್ದುದರಿಂದ ಯಾವ ಪಿವಟ್ ಆರಿಸಿದರೂ ಸುತ್ತಿಗೆ ಒಂದೇ ಅಂಶ ಕಳಚುತ್ತಿತ್ತು. ಎಲ್ಲವೂ ಸಮಾನವಾಗಿರುವಾಗ ಯಾದೃಚ್ಛಿಕ ಆಯ್ಕೆಯಿಂದ ಏನೂ ಪ್ರಯೋಜನವಿಲ್ಲ. ಚಿಕ್ಕವು, ಸಮಾನವಾದವು, ದೊಡ್ಡವು ಎಂದು ಮೂರು ಭಾಗ ಮಾಡಿ, ಸ್ಥಾನವು ನಡುವಿನ ಭಾಗದಲ್ಲಿದ್ದರೆ ಅಲ್ಲೇ ನಿಲ್ಲಿಸಿದ್ದು ಇದಕ್ಕೆ ಪರಿಹಾರವಾಯಿತು. ಸುತ್ತುಗಳ ಸಂಖ್ಯೆಯನ್ನು ಲಾಗ್‌ನಲ್ಲಿ ಬರೆದಿದ್ದರೆ ಇದು ಐದು ನಿಮಿಷದಲ್ಲಿ ತಿಳಿಯುತ್ತಿತ್ತು: ಮೂವತ್ತರ ಆಸುಪಾಸಿನಲ್ಲಿರಬೇಕಾದ ಎಣಿಕೆ ಆರಂಕಿ ಮುಟ್ಟಿತ್ತು.

ಇಷ್ಟಾದ ಮೇಲೂ ಸರಾಸರಿಯ ಭರವಸೆ ಮಾತ್ರ ಇದ್ದುದು ನನಗೆ ಸಮಾಧಾನ ಕೊಡಲಿಲ್ಲ. ಬ್ಲಮ್, ಫ್ಲಾಯ್ಡ್, ಪ್ರಾಟ್, ರಿವೆಸ್ಟ್ ಮತ್ತು ಟಾರ್ಜನ್ 1973ರಲ್ಲಿ ಕೊಟ್ಟ ಮೀಡಿಯನ್ ಆಫ್ ಮೀಡಿಯನ್ಸ್ ವಿಧಾನಕ್ಕೆ ಕೈಹಾಕಿದ್ದು ಆಗಲೇ. ಅದು ಏನು ಮಾಡುತ್ತದೆಂಬುದನ್ನು ಹಿರಿಯರಿಗೆ ಕಾಗದದ ಮೇಲೆ 25 ಸಂಖ್ಯೆಗಳಿಂದ ತೋರಿಸಿದ್ದೆ, ಇಲ್ಲೂ ಅದನ್ನೇ ಕೊಡುತ್ತೇನೆ. ಐದೈದರ ಗುಂಪುಗಳು, ಒಳಗೆ ಸಾರ್ಟ್ ಮಾಡಿದ ಮೇಲೆ:

```
 3  7 12 29 44
 2  8 17 33 51
 5 14 21 38 60
22 23 26 47 55
24 28 31 40 63
```

ನಡುವಿನ ಕಂಬಸಾಲಿನ 12, 17, 21, 26, 31 ಇವುಗಳ ಮೀಡಿಯನ್ 21, ಅದೇ ಪಿವಟ್. ಮೇಲಿನ ಎರಡು ಗುಂಪುಗಳಿಂದ ಮೂರು ಮೂರು ಮತ್ತು 21ರ ಸ್ವಂತ ಗುಂಪಿನಿಂದ ಎರಡು, ಒಟ್ಟು ಎಂಟು ಸಂಖ್ಯೆಗಳು 21ಕ್ಕಿಂತ ಚಿಕ್ಕವಾಗಿರಲೇಬೇಕು. ಅದೇ ಲೆಕ್ಕದಲ್ಲಿ ಎಂಟು ದೊಡ್ಡವಾಗಿರಲೇಬೇಕು. ನಾನು ಬೇಕೆಂದೇ ಅತ್ಯಂತ ಕೆಟ್ಟ ಜೋಡಣೆಯನ್ನು ಆರಿಸಿದ್ದೇನೆ: ಇಲ್ಲಿ ಚಿಕ್ಕವು ಸರಿಯಾಗಿ ಎಂಟೇ, ದೊಡ್ಡವು 16. ನಮಗೆ 13ನೆಯದು ಬೇಕಿದ್ದರೆ, 21 ಸೇರಿ ಒಂಬತ್ತನ್ನು ಬಿಟ್ಟು, ಉಳಿದ 16ರಲ್ಲಿ 4ನೆಯದನ್ನು ಹುಡುಕಿದರೆ 26 ಸಿಗುತ್ತದೆ. n ದೊಡ್ಡದಾದಾಗ ಪ್ರತಿ ಸುತ್ತಿನಲ್ಲೂ ಹತ್ತರಲ್ಲಿ ಮೂರು ಪಾಲಾದರೂ ಹೀಗೆ ಉದುರುತ್ತದೆ. ಮೀಡಿಯನ್‌ಗಳ ಮೇಲಿನ ಕೆಲಸ n/5, ಉಳಿದ ಭಾಗ ಹೆಚ್ಚೆಂದರೆ 7n/10. ಎರಡೂ ಸೇರಿ 9n/10, ಅಂದರೆ n ಗಿಂತ ಕಡಿಮೆ. ಹಾಗಾಗಿಯೇ ಒಟ್ಟು ಕೆಲಸ ರೇಖೀಯವಾಗಿ ಉಳಿಯುತ್ತದೆ.

ಕುತೂಹಲಕ್ಕೆ ಮೂರರ ಗುಂಪುಗಳನ್ನೂ ಪ್ರಯತ್ನಿಸಿದೆ. ಅಲ್ಲಿ n/3 ಮತ್ತು 2n/3 ಸೇರಿ ಪೂರ್ತಿ n ಆಗುವುದರಿಂದ ಭರವಸೆ n log n ಗೆ ಜಾರುತ್ತದೆ. ಏಳರ ಗುಂಪುಗಳು ನಿಯಮದ ಪ್ರಕಾರ ಸರಿಯೇ, ಆದರೆ ನನ್ನ ಅಳತೆಯಲ್ಲಿ ಐದಕ್ಕೂ ಏಳಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ.

ನನ್ನ ಮೊದಲ ಆವೃತ್ತಿಯಲ್ಲಿ ಎರಡು ತಪ್ಪುಗಳಿದ್ದವು. ಮೀಡಿಯನ್‌ಗಳ ಪಟ್ಟಿಯಲ್ಲಿ ಮತ್ತೆ ಇದೇ ವಿಧಾನವನ್ನು ಕರೆಯುವ ಬದಲು ಆ ಪಟ್ಟಿಯನ್ನು ಸಾರ್ಟ್ ಮಾಡಿಬಿಟ್ಟಿದ್ದೆ. ಅಷ್ಟರಿಂದಲೇ ಭರವಸೆ ಮುರಿದುಬಿದ್ದಿತ್ತು. ಎರಡನೆಯದಾಗಿ, ಆ ಪಟ್ಟಿಗಾಗಿ ಪ್ರತಿ ಸುತ್ತಿನಲ್ಲೂ ಹೊಸ ಅರೇ ಕಟ್ಟುತ್ತಿದ್ದೆ. ಮೀಡಿಯನ್‌ಗಳನ್ನು ಅದೇ ಅರೇಯ ಮುಂಭಾಗಕ್ಕೆ ಅದಲುಬದಲು ಮಾಡಿದ ಮೇಲೆ ಹೆಚ್ಚುವರಿ ಸ್ಮೃತಿ ಬೇಕಾಗಲಿಲ್ಲ. ಎರಡನ್ನೂ ಸರಿಪಡಿಸಿದರೂ ಒಂದು ಲೆಕ್ಕಕ್ಕೆ ಮುಕ್ಕಾಲು ಸೆಕೆಂಡಿನ ಮೇಲೆ ಹಿಡಿಯಿತು, ಯಾದೃಚ್ಛಿಕ ಪಿವಟ್‌ಗಿಂತ ಮೂರು ಪಟ್ಟು ನಿಧಾನ. ಹಿರಿಯರು ನಕ್ಕರು, ಅಷ್ಟರಮಟ್ಟಿಗೆ ಅವರ ಮಾತು ಸರಿಯೇ ಇತ್ತು.

ಹಾದಿ ಸಿಕ್ಕಿದ್ದು ಎರಡನ್ನೂ ಬೆರೆಸಿದಾಗ. ಮಸ್ಸರ್ 1997ರಲ್ಲಿ ಇಂಟ್ರೋಸೆಲೆಕ್ಟ್ ಎಂದು ಕರೆದದ್ದು ಇದನ್ನೇ: ವೇಗದ ದಾರಿಯಲ್ಲಿ ಹೊರಟು, ಅದು ಕೆಟ್ಟರೆ ಮಾತ್ರ ಭದ್ರವಾದ ದಾರಿಗೆ ಹೊರಳುವುದು. ಕೆಟ್ಟಿತೆಂದು ಯಾವಾಗ ನಿರ್ಧರಿಸಬೇಕು ಎಂಬಲ್ಲಿ ಅನೇಕರು ಜಾರುತ್ತಾರೆ. ಸುತ್ತುಗಳಿಗೆ 2 log n ಎಂಬ ಮಿತಿ ಇಟ್ಟರೆ, ಅಷ್ಟೂ ಸುತ್ತುಗಳು ಪೂರ್ಣ ಉದ್ದದವಾಗಬಹುದಾದ್ದರಿಂದ n log n ಕೆಲಸ ಆಗಲೇ ಆಗಿಹೋಗಿರಬಹುದು. ನಾನು ಸುತ್ತುಗಳನ್ನು ಎಣಿಸುವುದಿಲ್ಲ. ಮುಟ್ಟಿದ ಅಂಶಗಳ ಮೊತ್ತವನ್ನು ಎಣಿಸುತ್ತೇನೆ.

```
while lo < hi:
    work += hi - lo + 1
    p = a[rand(lo, hi)] if work < C * n else mom(a, lo, hi)
    lt, gt = partition3(a, lo, hi, p)
    if k < lt:   hi = lt - 1
    elif k > gt: lo = gt + 1
    else:        return a[k]
return a[lo]
```

ಮೊತ್ತವು C·n ದಾಟಿದೊಡನೆ ಉಳಿದ ಭಾಗವೆಲ್ಲ ಮೀಡಿಯನ್ ಆಫ್ ಮೀಡಿಯನ್ಸ್‌ನ ಪಾಲಾಗುತ್ತದೆ. ವ್ಯರ್ಥವಾದದ್ದೂ ರೇಖೀಯ, ಮುಂದಿನದೂ ರೇಖೀಯ. ನನ್ನ C ಎಷ್ಟೆಂಬುದನ್ನೂ `mom` ಒಳಗಿನ ಐದರ ಹೋಲಿಕೆಯ ಕ್ರಮವನ್ನೂ ಇಲ್ಲಿ ಬಿಚ್ಚಿಡುವುದಿಲ್ಲ. ಅವಕ್ಕೆ ಹಲವು ವಾರಾಂತ್ಯಗಳು ಹೋಗಿವೆ. ಮೇಲೆ ಹೇಳಿದ 2.4 ಮತ್ತು 3.4ಕ್ಕೆ ತೀರಾ ಹತ್ತಿರ ಇಡಬೇಡಿ, ಇಟ್ಟರೆ ಆರೋಗ್ಯವಾಗಿರುವ ದತ್ತಾಂಶವೂ ಸುಮ್ಮನೆ ನಿಧಾನದ ದಾರಿ ಹಿಡಿಯುತ್ತದೆ ಎಂಬಷ್ಟನ್ನು ಹೇಳಬಲ್ಲೆ.

ಈಗ ಸಾಮಾನ್ಯ ರಾತ್ರಿಗಳಲ್ಲಿ ಕಾಲು ಸೆಕೆಂಡೇ ಹಿಡಿಯುತ್ತದೆ, ಎಣಿಕೆಯ ಹೊರೆ ಗಮನಕ್ಕೇ ಬರುವುದಿಲ್ಲ. ಎರಡು ಯಂತ್ರಗಳಲ್ಲಿ ಒಂದನ್ನು ಹಿಂದಿರುಗಿಸಿದೆವು, ಉಳಿದದ್ದೂ ಮುಕ್ಕಾಲು ಪಾಲು ಸಮಯ ಖಾಲಿ ಕೂತಿರುತ್ತದೆ. ಈ ಒಂದು ವರ್ಷದಲ್ಲಿ ನಿಜವಾದ ದತ್ತಾಂಶದ ಮೇಲೆ `mom` ಒಮ್ಮೆಯೂ ಕರೆಯಲ್ಪಟ್ಟಿಲ್ಲ. ಹಾಗಾದರೆ ಅದೇಕೆ ಬೇಕೆಂದು ಹಿರಿಯರು ಮತ್ತೆ ಕೇಳಿದರು. ನಮ್ಮ ಯಾದೃಚ್ಛಿಕ ಸಂಖ್ಯೆಗಳ ಬೀಜ ಆಗ ಸ್ಥಿರವಾಗಿತ್ತು. ಆ ಬೀಜದಿಂದ ಯಾವ ಸುತ್ತಿನಲ್ಲಿ ಯಾವ ಸ್ಥಾನ ಪಿವಟ್ ಆಗುತ್ತದೆಂದು ಮೊದಲೇ ಲೆಕ್ಕಹಾಕಿ, ಪ್ರತಿ ಬಾರಿಯೂ ಅಲ್ಲಿ ಅತಿ ಚಿಕ್ಕ ಮೌಲ್ಯವೇ ಬರುವಂತೆ 2 ಕೋಟಿ ಅಂಶಗಳ ಒಂದು ಕಡತವನ್ನು ಕಟ್ಟಿ ಅವರ ಕೈಗಿತ್ತೆ. ಕಾವಲಿಲ್ಲದ ಹಳೆಯ ಆವೃತ್ತಿಯನ್ನು ಅರ್ಧ ಗಂಟೆ ನೋಡಿ ಅವರೇ ನಿಲ್ಲಿಸಿದರು. ಹೊಸದು ಒಂದು ಸೆಕೆಂಡು ದಾಟುತ್ತಿದ್ದಂತೆ ಉತ್ತರ ಕೊಟ್ಟಿತು.