ಘಾತ ಶ್ರೇಣಿಯಿಂದ ಒಂಟಿ ಟ್ರಾನ್ಸಿಸ್ಟರಿನ ಟಿಎಚ್‌ಡಿ ಅಂದಾಜಿಸಿದ ಬಗೆ

ಆಂಪ್ಲಿಫೈಯರಿನ ಒಟ್ಟು ಹಾರ್ಮೋನಿಕ್ ವಿರೂಪವನ್ನು, ಅಂದರೆ ಟಿಎಚ್‌ಡಿಯನ್ನು, ಅಳೆಯುವ ಮೊದಲೇ ಅದು ಎಷ್ಟಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಳ್ಳುವುದು ನನ್ನ ರೂಢಿ. ಅಂಥ ಲೆಕ್ಕವಿಲ್ಲದೆ ಹೋದರೆ ಪರದೆಯ ಮೇಲೆ ಮೂಡುವ ಶೇಕಡಾವಾರು ಸಂಖ್ಯೆಯನ್ನು ಒಪ್ಪಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಇಲ್ಲಿ ಹೇಳಹೊರಟಿರುವುದು ತೀರಾ ಸರಳವಾದ ಸರ್ಕ್ಯೂಟಿನದು: ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡ ಒಂದು ಬಿಸಿ547ಬಿ ಟ್ರಾನ್ಸಿಸ್ಟರ್, 12 ವೋಲ್ಟ್ ಸಪ್ಲೈ, ಕಲೆಕ್ಟರಿನಲ್ಲಿ 4.7 ಕಿಲೋ ಓಮ್, ಎಮಿಟರಿನಲ್ಲಿ 1 ಕಿಲೋ ಓಮ್, ಅದಕ್ಕೆ ಸಮಾಂತರವಾಗಿ 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಬಯಾಸ್ ಕರೆಂಟ್ 1 ಮಿಲಿಆಂಪಿಯರ್.

ಇನ್‌ಪುಟ್ ಮತ್ತು ಔಟ್‌ಪುಟ್‌ಗಳ ಸಂಬಂಧವನ್ನು ಮೂರನೆಯ ಘಾತದವರೆಗೆ ಬರೆದು ಸೈನ್ ಅಲೆಯನ್ನು ಆದೇಶಿಸಿದರೆ, ವರ್ಗದ ಪದದಿಂದ ಎರಡನೆಯ ಹಾರ್ಮೋನಿಕ್ಕೂ ಘನದ ಪದದಿಂದ ಮೂರನೆಯದೂ ಹೊರಬರುತ್ತವೆ.

```
y  = a1*x + a2*x^2 + a3*x^3,   x = A*sin(wt)
H1 = a1*A + (3/4)*a3*A^3
H2 = a2*A^2/2
H3 = a3*A^3/4
THD = sqrt(H2^2 + H3^2)/H1
```

ಸಹಗುಣಕಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಏಕೆಂದರೆ ಟ್ರಾನ್ಸಿಸ್ಟರಿನ ಕಲೆಕ್ಟರ್ ಕರೆಂಟ್ ಬೇಸ್-ಎಮಿಟರ್ ವೋಲ್ಟೇಜಿನ ಘಾತಾಂಕ ಫಲನವಾಗಿದ್ದು, ಅದರ ಟೇಲರ್ ಶ್ರೇಣಿಯೇ ಅವನ್ನು ಕೊಡುತ್ತದೆ. ಬಯಾಸ್ ಕರೆಂಟಿನಿಂದ ಭಾಗಿಸಿದರೆ `a1 = 1/VT`, `a2 = 1/(2*VT^2)`, `a3 = 1/(6*VT^3)`. ಆಗ ಎರಡನೆಯ ಹಾರ್ಮೋನಿಕ್ಕಿನ ಅನುಪಾತ `A/(4*VT)`, ಮೂರನೆಯದರದು `A^2/(24*VT^2)`. ಇಲ್ಲಿನ `VT` ಎಂಬ ಉಷ್ಣ ವೋಲ್ಟೇಜ್ 300 ಕೆಲ್ವಿನ್‌ನಲ್ಲಿ 25.85 ಮಿಲಿವೋಲ್ಟ್, ಅದು 27 ಡಿಗ್ರಿ ಸೆಲ್ಸಿಯಸ್, ಬೆಂಗಳೂರಿನ ಕೋಣೆಗೆ ತಿದ್ದುಪಡಿಯೇ ಬೇಡದ ಉಷ್ಣತೆ.

ಬೇಸಿಗೆ 5 ಮಿಲಿವೋಲ್ಟ್ ಶೃಂಗದ ಸೈನ್ ಅಲೆ ಕೊಟ್ಟರೆ ಎರಡನೆಯ ಹಾರ್ಮೋನಿಕ್ 4.84 ಶೇಕಡಾ, ಮೂರನೆಯದು 0.156 ಶೇಕಡಾ ಎಂದು ಬರುತ್ತದೆ. ಇವೆರಡನ್ನು ವರ್ಗ ಮಾಡಿ ಕೂಡಿ ಮೂಲ ತೆಗೆದರೂ ಟಿಎಚ್‌ಡಿ 4.84 ಶೇಕಡಾದಲ್ಲೇ ನಿಲ್ಲುತ್ತದೆ. ಐದು ಮಿಲಿವೋಲ್ಟನ್ನು ಸಣ್ಣ ಸಿಗ್ನಲ್ ಎಂದು ಕರೆದು ಸುಮ್ಮನಾಗುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಅಳತೆಗೆ ಕಂಪ್ಯೂಟರಿನ ಸೌಂಡ್ ಕಾರ್ಡನ್ನೇ ಬಳಸಿದೆ. ಮೊದಲು ಅದರ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್ಟಿಗೆ ಜೋಡಿಸಿ, ಕಾರ್ಡಿನ ಸ್ವಂತ ವಿರೂಪ ನಾನು ಹುಡುಕುತ್ತಿರುವ ಮೂರನೆಯ ಹಾರ್ಮೋನಿಕ್ಕಿಗಿಂತ ಬಹಳ ಕೆಳಗಿದೆಯೆಂದು ಖಚಿತಪಡಿಸಿಕೊಂಡೆ. 1 ಕಿಲೋಹರ್ಟ್ಸ್ ಸೈನ್ ಅಲೆಯನ್ನು 990 ಓಮ್ ಮತ್ತು 10 ಓಮ್‌ಗಳ ವಿಭಾಜಕದ ಮೂಲಕ ಬೇಸಿಗೆ ಕೊಟ್ಟಾಗ ಎರಡನೆಯ ಹಾರ್ಮೋನಿಕ್ 4.7 ಶೇಕಡಾ ಕಂಡಿತು. ಆಮೇಲೆ ಬೇಕೆಂದೇ ಬೇಸಿನ ದಾರಿಯಲ್ಲಿ 560 ಓಮ್ ಸೇರಿಸಿದೆ, ಅದು 4.1ಕ್ಕೆ ಇಳಿಯಿತು.

ಈ ಇಳಿಕೆಗೆ ಕಾರಣ ಎರಡರಲ್ಲಿ ಒಂದಾಗಿರಬಹುದು: ಸಹಗುಣಕವೇ ಬದಲಾಗಿದೆ, ಇಲ್ಲವೇ ಮೂರು ಪದಗಳ ಶ್ರೇಣಿ ಸಾಲದಾಗಿದೆ. ಯಾವುದೆಂದು ತಿಳಿಯಲು ನಾನು ಇನ್‌ಪುಟ್ಟನ್ನು ಅರ್ಧಕ್ಕೆ ಇಳಿಸುತ್ತೇನೆ. ಶ್ರೇಣಿ ಸರಿಯಿದ್ದರೆ ಮೂಲ ಆವರ್ತನಕ್ಕೆ ಹೋಲಿಸಿದಾಗ ಎರಡನೆಯ ಹಾರ್ಮೋನಿಕ್ 6 ಡೆಸಿಬೆಲ್, ಮೂರನೆಯದು 12 ಡೆಸಿಬೆಲ್ ಕುಸಿಯಬೇಕು. ಇಲ್ಲಿ ಎರಡೂ ಹಾಗೆಯೇ ಕುಸಿದವು. ಎಂದರೆ ಶ್ರೇಣಿ ಗಟ್ಟಿಯಾಗಿದೆ, ಬದಲಾಗಿರುವುದು ಸಹಗುಣಕ. ಬೇಸಿನ ಕಡೆಯ 570 ಓಮ್ ಅನ್ನು ಕರೆಂಟ್ ಗೇನ್ ಆದ ಸುಮಾರು 300ರಿಂದ ಭಾಗಿಸಿದರೆ ಎಮಿಟರಿನಲ್ಲಿ 1.9 ಓಮ್ ಇಟ್ಟಂತೆ ಆಗುತ್ತದೆ. ಬಯಾಸ್ ಕರೆಂಟನ್ನು `VT`ಯಿಂದ ಭಾಗಿಸಿದರೆ ಬರುವುದು `gm`, ಎಮಿಟರಿನ ಆ ರೋಧ `R`; `(1 + gm*R)^2` ಪಟ್ಟು ಕಡಿತದಿಂದ 4.84 ಶೇಕಡಾ 4.2ಕ್ಕೆ ಬರಬೇಕು. ಅಳತೆಯೂ ಅಲ್ಲಿಯೇ ಸುತ್ತಾಡಿತು.

ಈ 6 ಮತ್ತು 12 ಡೆಸಿಬೆಲ್‌ಗಳ ಇಳಿಜಾರು ಕೆಟ್ಟರೆ ಮಾತು ಬೇರೆ. ಇನ್‌ಪುಟ್ `VT`ಯಷ್ಟೇ ಆದಾಗ, ಅಂದರೆ ಸುಮಾರು 26 ಮಿಲಿವೋಲ್ಟಿನಲ್ಲಿ, ಮೇಲಿನ ಸರಳ ಸೂತ್ರ 25 ಶೇಕಡಾ ಎನ್ನುತ್ತದೆ. ಬೆಸೆಲ್ ಫಲನಗಳಿಂದ ಮಾಡಿದ ನಿಖರ ಲೆಕ್ಕ 24 ಶೇಕಡಾ ಎನ್ನುತ್ತದೆ. ಇಷ್ಟು ದೊಡ್ಡ ಸಿಗ್ನಲಿಗೆ ಇದು ನನ್ನ ನಿರೀಕ್ಷೆಗಿಂತ ಚೆನ್ನಾಗಿದೆ. ಆದರೆ ಈ ಸರ್ಕ್ಯೂಟಿನಲ್ಲಿ 30 ಮಿಲಿವೋಲ್ಟ್ ಹತ್ತಿರ ಕಲೆಕ್ಟರ್ ಸ್ಯಾಚುರೇಶನ್ನಿಗೆ ಹೋಗುತ್ತದೆ. ಬಯಾಸ್ ಬಿಂದುವಿನ ಸುತ್ತ ಬಿಡಿಸಿದ ಶ್ರೇಣಿಗೆ ಅಲ್ಲೊಂದು ಗೋಡೆಯಿದೆ ಎಂಬ ಸುಳಿವೇ ಇರುವುದಿಲ್ಲ. ನಾಲ್ಕು, ಐದನೆಯ ಹಾರ್ಮೋನಿಕ್‌ಗಳು ಥಟ್ಟನೆ ಏಳುವುದೇ ಅದರ ಗುರುತು.

ಕೊನೆಗೆ ಕೆಪ್ಯಾಸಿಟರ್ ಇಲ್ಲದ 13 ಓಮ್ ಅನ್ನು ಎಮಿಟರಿನಲ್ಲಿ ಸೇರಿಸಿ ನೋಡಿದೆ. ಆಗ `gm*R` ಸುಮಾರು 0.5 ಆಗುತ್ತದೆ, ಆ ಬೆಲೆಯಲ್ಲಿ `a3` ಸೊನ್ನೆಯಾಗುತ್ತದೆ. ಮೂರನೆಯ ಹಾರ್ಮೋನಿಕ್ ಪೂರ್ತಿ ಮಾಯವಾಗದಿದ್ದರೂ ಆಳವಾಗಿ ಬಿದ್ದಿತು. ಲೆಕ್ಕದ ಟಿಎಚ್‌ಡಿ ಮಾತ್ರ 2.15 ಶೇಕಡಾ, ಅದಕ್ಕೂ ಮೂರನೆಯ ಹಾರ್ಮೋನಿಕ್ಕಿಗೂ ಸಂಬಂಧವೇ ಇಲ್ಲ, ಎರಡನೆಯದು 2.25 ಪಟ್ಟು ಕಡಿಮೆಯಾದುದರ ಫಲ ಅದು.