ಫ್ರೀ ಲೆಫ್ಟ್‌ನಲ್ಲಿ ನಾನು ಎಡಗಡೆ ನೋಡಿರಲೇ ಇಲ್ಲ

ಎಡಕ್ಕೆ ತಿರುಗೋದಕ್ಕೆ ಸಿಗ್ನಲ್ ಲೆಕ್ಕಕ್ಕಿಲ್ಲ ಅಂತ ತುಂಬಾ ವರ್ಷ ನಂಬಿಕೊಂಡಿದ್ದೆ. ಒಂದು ದಿನ ಪೊಲೀಸರು ಸ್ಕೂಟರ್ ನಿಲ್ಲಿಸಿದರು. "ಎಡಕ್ಕೆ ತಾನೇ ಸಾರ್ ಹೋಗ್ತಿರೋದು" ಅಂದೆ. "ಫ್ರೀ ಲೆಫ್ಟ್ ಬೋರ್ಡ್ ಎಲ್ಲಿದೆ, ತೋರಿಸಿ" ಅಂದರು. ತಿರುಗಿ ನೋಡಿದರೆ ಇರಲಿಲ್ಲ.

ನಮ್ಮಲ್ಲಿ ಕೆಂಪು ಅಂದರೆ ಎಡಕ್ಕೆ ಹೋಗುವವರಿಗೂ ಕೆಂಪೇ. ಫ್ರೀ ಲೆಫ್ಟ್ ಬೋರ್ಡ್ ಇರಬೇಕು, ಇಲ್ಲವೇ ಎಡಕ್ಕೆ ಹಸಿರು ಬಾಣ ಬಿದ್ದಿರಬೇಕು, ಅದೂ ಇಲ್ಲದಿದ್ದರೆ ನಿಂತಿರುವ ಪೊಲೀಸರು ಕೈ ಮಾಡಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನು ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ. ಹಿಂದಿನವನು ಹಾರ್ನ್ ಹೊಡೆದ ಅನ್ನೋದು ಅಲ್ಲಿ ನೆಪ ಆಗಲ್ಲ.

ಆದರೆ ನನಗೆ ನಿಜವಾಗಿ ಬುದ್ಧಿ ಬಂದದ್ದು ಬೋರ್ಡ್ ಇದ್ದ ಕಡೆಯಲ್ಲೇ. ಕಾರಿನಲ್ಲಿದ್ದೆ. ಬಲಗಡೆಯಿಂದ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ನಾನು ಕತ್ತು ಬಲಕ್ಕೆ ತಿರುಗಿಸಿಕೊಂಡು ಸಂದು ಸಿಗೋದನ್ನೇ ಕಾಯುತ್ತಿದ್ದೆ. ಸಿಕ್ಕಿತು. ಕತ್ತು ಇನ್ನೂ ಬಲಕ್ಕೇ ಇದೆ, ಕಾಲು ಮಾತ್ರ ಬ್ರೇಕ್ ಬಿಟ್ಟಿತು. ಅಷ್ಟರಲ್ಲಿ ಬಾನೆಟ್ ಮೇಲೆ ಯಾರೋ ಕೈಯಿಂದ ಬಡಿದ ಸದ್ದು. ಎಡಗಡೆ ಫುಟ್‌ಪಾತ್‌ನಿಂದ ಒಬ್ಬರು ವಯಸ್ಸಾದ ಅಮ್ಮ ಜೀಬ್ರಾ ಗೆರೆ ಮೇಲೆ ಆಗಲೇ ಎರಡು ಹೆಜ್ಜೆ ಬಂದಿದ್ದರು. ನನಗೆ ಕೆಂಪು ಇದ್ದಾಗಲೇ ತಾನೇ ನನ್ನ ಮುಂದೆ ಜನ ದಾಟೋದು! ಅವರಿಗೆ ಅದು ಅವರ ಸರದಿ.

ಈಗ ನಾನು ಮಾಡೋದು ಹೀಗೆ. ತಿರುವಿಗೆ ಸಾಕಷ್ಟು ಮೊದಲೇ ಇಂಡಿಕೇಟರ್ ಹಾಕಿ ಎಡ ಲೇನಿಗೆ ಬರುತ್ತೇನೆ, ಬರುವ ಮುಂಚೆ ಎಡಗನ್ನಡಿ ನೋಡುತ್ತೇನೆ, ಯಾಕಂದರೆ ಆ ಸಂದಿನಲ್ಲಿ ಬೈಕೋ ಸೈಕಲ್ಲೋ ನುಗ್ಗುತ್ತಲೇ ಇರುತ್ತದೆ. ಜೀಬ್ರಾ ಮುಂದೆ ನಿಂತು ಮೊದಲು ಜನ ನೋಡುತ್ತೇನೆ. ಆಮೇಲೆ ಬಲಕ್ಕೆ: ನೇರ ಬರುವವರು, ಎದುರಿನಿಂದ ಬಲಕ್ಕೆ ತಿರುಗಿ ನಾನು ಹೋಗುವ ರಸ್ತೆಗೇ ಬರುವವರು, ಯೂ ಟರ್ನ್ ಮಾಡುವವರು. ಹಸಿರು ಅವರದು, ಹಾಗಾಗಿ ಕಾಯಬೇಕಾದವನು ನಾನು. ಸಂದು ಸಿಕ್ಕ ಮೇಲೆ ಕಾಲು ಬಿಡುವ ಮುಂಚೆ ಇನ್ನೊಂದು ಸಲ ಎಡಕ್ಕೆ ಮತ್ತು ಮುಂದಕ್ಕೆ. ಈ ಕೊನೆಯ ನೋಟ ಇನ್ನೊಂದಕ್ಕೂ ಬೇಕು. ಮುಂದಿನ ಕಾರು ಹೊರಟಿತು ಅಂದುಕೊಂಡು ಬಲಕ್ಕೆ ನೋಡುತ್ತಾ ಹೊರಟರೆ, ಅದು ಅರ್ಧಕ್ಕೇ ನಿಂತಿರುತ್ತದೆ, ಹೋಗಿ ಗುದ್ದುತ್ತೀರಿ.

ಹಸಿರು ಬಿದ್ದಾಗ ಎಡಕ್ಕೆ ತಿರುಗುವುದೇ ಸುಲಭ ಅಂತಲ್ಲ. ಆಗ ನನ್ನ ಮುಂದಿನ ಜೀಬ್ರಾ ಖಾಲಿ, ಆದರೆ ತಿರುಗಿದ ಮೇಲೆ ಸಿಗುವ ಜೀಬ್ರಾದಲ್ಲಿ ಜನ ಇರುತ್ತಾರೆ. ಅದಕ್ಕೇ ತಿರುವಿನಲ್ಲಿ ವೇಗ ಏರಿಸಲ್ಲ, ಎಡ ಲೇನಿನಲ್ಲೇ ಸೇರಿಕೊಂಡು ಒಂದಷ್ಟು ದೂರ ಅಲ್ಲೇ ಹೋಗುತ್ತೇನೆ.

ಇನ್ನು ನೇರ ಹೋಗಬೇಕಾದ ದಿನ ಫ್ರೀ ಲೆಫ್ಟ್ ಲೇನಿಗೆ ಹೋಗೋದೇ ಇಲ್ಲ. ಅಲ್ಲಿ ಅಡ್ಡ ನಿಂತರೆ ಹಿಂದಿನವರು ಹಾರ್ನ್ ಹೊಡೆಯೋದು ನ್ಯಾಯವೇ ಅಲ್ವಾ?